ಗೀತಾ ಅಂಗಡಿಯೊಳಗೆ ಬಂದಳೋ, ಹೋದಳೋ?

ಸಣ್ಣಕಥೆಯ ಕರಡನ್ನು ಓದಿದವರು ಸಾಮಾನ್ಯವಾಗಿ ಹೇಳುವ ಮಾತುಗಳು ಮೂರೇ. ಸ್ವಲ್ಪ ಎಳೆದಂತಾಗಿದೆ. ಸಂಭಾಷಣೆ ಸಪ್ಪೆ. ಇದು ಯಾರ ಕಥೆ ಎಂದೇ ತಿಳಿಯಲಿಲ್ಲ. ಮೂರೂ ನಿಜವಿರಬಹುದು, ಆದರೆ ಬರೆದವರಿಗೆ ಮೂರರಿಂದಲೂ ಏನೂ ಸಿಗುವುದಿಲ್ಲ. ಎಲ್ಲಿ ಎಳೆದಿದೆ, ಯಾವ ಮಾತು ಸಪ್ಪೆ, ಯಾವ ಸಾಲಿನಲ್ಲಿ ಕಥೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಜಾರಿತು ಎಂದು ಬೆರಳಿಟ್ಟು ತೋರಿಸಿದರೆ ಮಾತ್ರ ತಿದ್ದಲು ಬರುತ್ತದೆ. ಹಾಗೆ ತೋರಿಸಲು ಕನ್ನಡ ವ್ಯಾಕರಣವೇ ನೆರವಾಗುತ್ತದೆ ಎಂಬುದು ನನ್ನ ಅನುಭವ. ನಮ್ಮ ಕ್ರಿಯಾಪದಗಳೂ ಸರ್ವನಾಮಗಳೂ ಬರೆಯುವವರ ಗುಟ್ಟನ್ನು ಬಿಟ್ಟುಕೊಡುತ್ತವೆ.

ದಾವಣಗೆರೆಯಲ್ಲಿ ನಮ್ಮ ಬೀದಿಯ ಹುಡುಗಿಯೊಬ್ಬಳು ಪದವಿ ಓದುತ್ತಿದ್ದಾಳೆ. ಅವಳು ಬರೆದ ಕಥೆಯೊಂದನ್ನು ಮುಂದಿಟ್ಟುಕೊಂಡು ಇದನ್ನು ವಿವರಿಸುತ್ತೇನೆ. ಅವಳ ಒಪ್ಪಿಗೆ ಪಡೆದಿದ್ದೇನೆ. ಕಥೆ ಇಷ್ಟು: ಜಗಳೂರು ಕಡೆಯ ಹಳ್ಳಿಯ ಬಸಪ್ಪ 30 ಕ್ವಿಂಟಲ್ ಮೆಕ್ಕೆಜೋಳವನ್ನು ಬಾಡಿಗೆ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ದಾವಣಗೆರೆಯ ಎಪಿಎಂಸಿಗೆ ಬರುತ್ತಾನೆ. ಕಾಲೇಜಿಗೆ ರಜೆ ಇದ್ದುದರಿಂದ ಮಗಳು ಗೀತಾ ಜೊತೆಗೆ ಬಂದಿದ್ದಾಳೆ. ಜೋಳ ತೂಕವಾಗುತ್ತದೆ, ದರ ನಿಗದಿಯಾಗುತ್ತದೆ. ಹಣ ಕೊಡುವ ಹೊತ್ತಿಗೆ ದಲ್ಲಾಳಿ ಅಂಗಡಿಯ ಸಾಹುಕಾರರು ಹಳೆಯ ಬಾಕಿ 40,000 ರೂಪಾಯಿಯನ್ನು ಮುರಿದುಕೊಳ್ಳುತ್ತಾರೆ. ಆ ಬಾಕಿ ತನ್ನ ಕಾಲೇಜು ಫೀಸಿನದು ಎಂದು ಗೀತಾಳಿಗೆ ಅಲ್ಲಿ ಮೊದಲ ಬಾರಿಗೆ ತಿಳಿಯುತ್ತದೆ. ಅಪ್ಪ ಮಗಳು ಬಸ್ಸಿನಲ್ಲಿ ಊರಿಗೆ ಹಿಂದಿರುಗುತ್ತಾರೆ.

ಒಳ್ಳೆಯ ಕಥೆ. ಬರೆದವಳಿಗೆ ಮಾರುಕಟ್ಟೆಯ ಅಂಗಳ ಗೊತ್ತಿದೆ. ತೇವಾಂಶ ಶೇ 14ರ ಮೇಲೆ ಹೋದರೆ ದರ ಬೀಳುತ್ತದೆ ಎಂಬುದು ಗೊತ್ತಿದೆ, ಹಮಾಲರು ಚೀಲವನ್ನು ಬೆನ್ನಿಗೆ ತೆಗೆದುಕೊಳ್ಳುವ ಬಗೆಯೂ ಗೊತ್ತಿದೆ. ಆದರೂ ಓದಿ ಮುಗಿಸಿದಾಗ ಏನೂ ತಟ್ಟಲಿಲ್ಲ. ಯಾಕೆ ತಟ್ಟಲಿಲ್ಲ ಎಂಬುದನ್ನು ಹುಡುಕಬೇಕಿತ್ತು.

ಹೆಚ್ಚಿನವರು ಮೊದಲು ಕತ್ತರಿ ಹಿಡಿಯುತ್ತಾರೆ: ಉದ್ದವಾಯಿತು, ಕತ್ತರಿಸು. ನಾನು ಮೊದಲು ದೃಷ್ಟಿಕೋನವನ್ನು ನೋಡುತ್ತೇನೆ. ಕಥೆ ಯಾರ ಕಣ್ಣಿನಿಂದ ಕಾಣುತ್ತಿದೆ ಎಂಬುದು ತೀರ್ಮಾನವಾಗದಿದ್ದರೆ ಯಾವುದನ್ನು ಕತ್ತರಿಸಬೇಕು ಎಂಬುದೂ ತೀರ್ಮಾನವಾಗುವುದಿಲ್ಲ. ಲೆಕ್ಕದ ಚೀಟಿ ಕೈಗೆ ಬರುವ ಜಾಗದಲ್ಲಿ ಕರಡು ಹೀಗಿತ್ತು:

“ಬಸಪ್ಪ ಚೀಟಿಯನ್ನು ನೋಡಿದ. ಮಗಳ ಮುಂದೆ ತನ್ನ ಮಾನ ಹೋಯಿತಲ್ಲ ಎಂದುಕೊಂಡ. ಅಪ್ಪನ ಕೈ ನಡುಗುತ್ತಿರುವುದು ಗೀತಾಳಿಗೆ ಕಾಣಿಸಿತು. ಸಾಹುಕಾರರಿಗೂ ಒಳಗೊಳಗೆ ಪಾಪ ಎನಿಸಿತು, ಆದರೆ ವ್ಯಾಪಾರ ವ್ಯಾಪಾರವೇ. ಹುಡುಗಿಗೆ ಇದೆಲ್ಲ ಅರ್ಥವಾಗುವ ವಯಸ್ಸಲ್ಲ.”

ಐದು ಸಾಲು, ಮೂರು ತಲೆ. ಓದುವಾಗ ಇದು ತಪ್ಪೆಂದು ತೋರುವುದಿಲ್ಲ. ವಾಕ್ಯಗಳು ಸರಾಗವಾಗಿಯೇ ಇವೆ. ಅದಕ್ಕಾಗಿಯೇ ಪೆನ್ಸಿಲ್ ಬೇಕು. ನಾನು ಮೊದಲು ಗುರುತು ಹಾಕುವುದು ಹೆಸರುಗಳಿಗೆ. ಒಂದೇ ವ್ಯಕ್ತಿಯನ್ನು ಮೊದಲ ಸಾಲು ‘ಬಸಪ್ಪ’ ಎನ್ನುತ್ತದೆ, ಮೂರನೆಯ ಸಾಲು ‘ಅಪ್ಪ’ ಎನ್ನುತ್ತದೆ. ಅವನನ್ನು ‘ಅಪ್ಪ’ ಎನ್ನುವವಳು ಲೋಕದಲ್ಲಿ ಗೀತಾ ಒಬ್ಬಳೇ. ಹಾಗಾದರೆ ಮೂರನೆಯ ಸಾಲು ಅವಳದು. ಕೊನೆಯ ಸಾಲಿನಲ್ಲಿ ಗೀತಾ ‘ಹುಡುಗಿ’ಯಾಗಿದ್ದಾಳೆ. ತನ್ನನ್ನು ತಾನು ಯಾರೂ ‘ಹುಡುಗಿ’ ಎಂದುಕೊಳ್ಳುವುದಿಲ್ಲ, ಅಪ್ಪನೂ ಹಾಗೆ ಎಣಿಸುವುದಿಲ್ಲ. ಅದು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರ ನೋಟ.

ಆಮೇಲೆ ‘ತಾನು’, ‘ತನ್ನ’. ಎಲ್ಲ ‘ತನ್ನ’ವೂ ಲೆಕ್ಕಕ್ಕೆ ಬರುವುದಿಲ್ಲ. ‘ಗೀತಾ ತನ್ನ ಚೀಲ ಎತ್ತಿಕೊಂಡಳು’ ಎಂಬುದನ್ನು ಹೊರಗೆ ನಿಂತವರೂ ಹೇಳಬಹುದು. ‘ಎಂದುಕೊಂಡ’, ‘ಅನ್ನಿಸಿತು’ ಎಂಬುದರ ಒಳಗೆ ಕುಳಿತ ‘ತನ್ನ’ ಮಾತ್ರ ಒಬ್ಬರ ಮನಸ್ಸಿನೊಳಗಿಂದಲೇ ಬರಲು ಸಾಧ್ಯ. ‘ಮಗಳ ಮುಂದೆ ತನ್ನ ಮಾನ’ ಎಂದೊಡನೆ ನಾವು ಬಸಪ್ಪನ ಎದೆಯೊಳಗಿದ್ದೇವೆ. ‘ಗೆ’ ಹತ್ತಿದ ಅನುಭವಗಳೂ ಹಾಗೆಯೇ: ಗೀತಾಳಿಗೆ ಕಾಣಿಸಿತು, ಸಾಹುಕಾರರಿಗೆ ಎನಿಸಿತು. ಇನ್ನೊಬ್ಬರಿಗೆ ಏನೆನಿಸಿತು ಎಂಬುದನ್ನು ನಾವು ಹೊರಗಿನಿಂದ ನೋಡಿ ಊಹಿಸಬಹುದಷ್ಟೆ, ಆಗ ‘ಎನಿಸಿದಂತಿತ್ತು’ ಎನ್ನಬೇಕಾಗುತ್ತದೆ. ಒಂದು ದೃಶ್ಯದಲ್ಲಿ ಇಬ್ಬರಿಗೆ ನೇರವಾಗಿ ‘ಎನಿಸಿತು’ ಬಂದಿದ್ದರೆ ನಾನು ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತೇನೆ.

ಕೊನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದ ಗುರುತು: ಬರುವುದು ಮತ್ತು ಹೋಗುವುದು. ಕರಡಿನಲ್ಲಿ ಗೀತಾ ಮಾರುಕಟ್ಟೆಯ ಅಂಗಳದಲ್ಲಿ ಜೋಳದ ರಾಶಿಯ ಪಕ್ಕ ನಿಂತಿರುತ್ತಾಳೆ. ಎರಡು ಪುಟ ಅವಳ ಜೊತೆಯಲ್ಲೇ ಇದ್ದೇವೆ. ಮುಂದಿನ ವಾಕ್ಯ: “ಗೀತಾ ಅಂಗಡಿಯೊಳಗೆ ಬಂದಳು.” ಬಂದಳೆಂದರೆ ನಾವು ಆಗಲೇ ಒಳಗಿದ್ದೇವೆ, ಸಾಹುಕಾರರ ಪಕ್ಕದ ಗಾದಿಯ ಮೇಲೆ. ಅವಳ ಜೊತೆ ನಡೆದವರಾಗಿದ್ದರೆ ‘ಹೋದಳು’ ಎನ್ನುತ್ತಿದ್ದೆವು. ಬರೆದವಳು ಯಾವ ಉದ್ದೇಶವೂ ಇಲ್ಲದೆ ಕ್ಯಾಮೆರಾವನ್ನು ಎತ್ತಿ ಒಳಗಿಟ್ಟಿದ್ದಳು. ಅಲ್ಲಿಂದ ಮುಂದೆ ಸಾಹುಕಾರರ ಮನಸ್ಸಿನೊಳಗೆ ನುಗ್ಗುವುದು ಸಹಜವಾಗಿ ನಡೆದುಹೋಗಿದೆ. ಜಾರಿದ್ದು ‘ಪಾಪ ಎನಿಸಿತು’ ಎಂಬಲ್ಲಿ ಎಂದು ನಾವು ತಿಳಿಯುತ್ತೇವೆ. ನಿಜವಾಗಿ ಜಾರಿದ್ದು ಅದಕ್ಕೂ ಒಂದು ಪುಟ ಮೊದಲು, ಹೊಸ್ತಿಲಿನಲ್ಲಿ.

ತಲೆಯಿಂದ ತಲೆಗೆ ಹೋಗುವುದೆಲ್ಲ ತಪ್ಪೇನಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಹರಿಕಥೆ ಹೇಳುವವರು ರಾಜನ ಮನಸ್ಸನ್ನೂ ಬಲ್ಲರು, ದೂತನ ಮನಸ್ಸನ್ನೂ ಬಲ್ಲರು. ಮನೆಯಲ್ಲಿ ಅಜ್ಜಿ ಹೇಳುವ ಕಥೆಯಲ್ಲಿ ಹುಲಿಗೆ ಏನೆನಿಸಿತು ಎಂಬುದೂ ಬರುತ್ತದೆ. ಅಲ್ಲಿ ನಮಗೆ ಗೊಂದಲವಾಗುವುದಿಲ್ಲ, ಏಕೆಂದರೆ ಹೇಳುವವರ ದನಿ ಮೊದಲ ಮಾತಿನಿಂದಲೇ ಕೇಳುತ್ತಿರುತ್ತದೆ. ಎಲ್ಲರ ಮನಸ್ಸನ್ನೂ ಕಟ್ಟಿ ಹಿಡಿದಿರುವುದು ಆ ದನಿ. ಹೀಗಾಗಿ ನನ್ನ ಪರೀಕ್ಷೆ ಸರಳ. ಕಥೆಯ ಮೊದಲ ಅರ್ಧ ಪುಟದಲ್ಲಿ ಪಾತ್ರಗಳಿಗೆ ಸೇರದ, ಹೇಳುವವರದೇ ಆದ ಒಂದು ಅಭಿಪ್ರಾಯ, ಒಂದು ಕೊಂಕು, ಒಂದು ನಗು ಇದೆಯೇ? ಇದ್ದರೆ ಅವರು ಎಲ್ಲಿಗೆ ಬೇಕಾದರೂ ಹೋಗಲಿ. ಈ ಕರಡಿನಲ್ಲಿ ಅಂಥ ದನಿ ಇರಲಿಲ್ಲ. ಮೊದಲ ಪುಟ ಬಸಪ್ಪನ ಜೊತೆ ಎದ್ದು ಎತ್ತುಗಳಿಗೆ ಮೇವು ಹಾಕುತ್ತದೆ, ಅಷ್ಟೆ.

ಹಾಗಾದರೆ ಯಾರ ಕಣ್ಣು? ಬರೆದವಳು ಬಸಪ್ಪನದೇ ಎಂದು ಹಟ ಹಿಡಿದಳು, ಕಷ್ಟ ಅವನದಲ್ಲವೇ ಎಂಬುದು ಅವಳ ವಾದ. ನಾನು ಕೇಳಿದ್ದು ಒಂದೇ: ಬಸಪ್ಪನಿಗೆ ಸಾಲದ ವಿಷಯ ಬೆಳಿಗ್ಗೆಯೇ ಗೊತ್ತಲ್ಲ? ಮಗಳನ್ನು ಕರೆದುಕೊಂಡು ಅದೇ ಅಂಗಡಿಗೆ ಹೊರಟವನ ತಲೆಯಲ್ಲಿ ದಾರಿಯುದ್ದಕ್ಕೂ ಅದೇ ಇರಬೇಕು. ಅವನ ಮನಸ್ಸಿನೊಳಗೆ ನಮ್ಮನ್ನು ಕೂರಿಸಿ ಮೂರು ಪುಟ ಆ ಒಂದು ವಿಷಯವನ್ನು ಮಾತ್ರ ಮುಚ್ಚಿಟ್ಟರೆ ಅದು ಮೋಸ. ಓದುಗನಿಗೆ ಮೋಸವೆಂದು ಹೆಸರಿಟ್ಟು ಹೇಳಲು ಬರದಿದ್ದರೂ ಅವನು ಅದನ್ನು ಗ್ರಹಿಸುತ್ತಾನೆ, ‘ಏನೂ ತಟ್ಟಲಿಲ್ಲ’ ಎನ್ನುತ್ತಾನೆ. ಗೀತಾಳಿಗಾದರೆ ಏನೂ ಗೊತ್ತಿಲ್ಲ. ಅವಳ ಜೊತೆ ನಿಂತರೆ ಯಾವುದನ್ನೂ ಬಚ್ಚಿಡಬೇಕಾಗಿಲ್ಲ. ಅವಳಿಗೆ ಕಂಡಾಗ ನಮಗೂ ಕಾಣುತ್ತದೆ. ಎರಡು ದಿನ ಯೋಚಿಸಿ ಬಂದು ಒಪ್ಪಿದಳು. ಕಥೆ ತುಂಬ ‘ಬಸಪ್ಪ’ ಹೋಗಿ ‘ಅಪ್ಪ’ ಬಂದ. ‘ಅಪ್ಪ ಬಂದ’ ಎನ್ನುವುದೋ ‘ಅಪ್ಪ ಬಂದರು’ ಎನ್ನುವುದೋ ಎಂಬ ಚರ್ಚೆಯೂ ಆಯಿತು. ಅದು ಆ ಮನೆಯ ರೂಢಿಗೆ ಬಿಟ್ಟದ್ದು. ಗೀತಾಳ ಮನೆಯಲ್ಲಿ ಏಕವಚನ ಎಂದು ತೀರ್ಮಾನಿಸಿದಳು. ಒಮ್ಮೆ ತೀರ್ಮಾನಿಸಿದ ಮೇಲೆ ಮಧ್ಯದಲ್ಲಿ ಗೌರವ ಉಕ್ಕಿ ಬರಬಾರದು.

ಕಣ್ಣು ತೀರ್ಮಾನವಾದ ಮೇಲೆ ವೇಗದ ಲೆಕ್ಕ. ಕರಡು ಸುಮಾರು 2,200 ಪದಗಳಷ್ಟಿತ್ತು. ಪ್ರತಿ ಭಾಗದ ಎದುರು ಎರಡು ಅಂಕಿ ಬರೆದೆವು: ಅಲ್ಲಿ ಎಷ್ಟು ಪದಗಳಿವೆ, ಕಥೆಯೊಳಗೆ ಎಷ್ಟು ಹೊತ್ತು ಕಳೆದಿದೆ. ಬೆಳಗಿನ ಜಾವ, ಮನೆತನದ ಹಿನ್ನೆಲೆ, ಮಳೆ ಕೈಕೊಟ್ಟ ವರ್ಷಗಳು, ಇವಿಷ್ಟಕ್ಕೆ 750. ಪ್ರಯಾಣ ಮತ್ತು ಊರಿನ ವರ್ಣನೆಗೆ 400. ತೂಕ ಮತ್ತು ದರಕ್ಕೆ 550. ಬಾಕಿ ಮುರಿದುಕೊಳ್ಳುವ ಜಾಗಕ್ಕೆ 90. ಬಸ್ಸಿನಲ್ಲಿ ಹಿಂದಿರುಗುವುದಕ್ಕೆ 410. ಅಂಕಿಗಳನ್ನು ನೋಡಿದೊಡನೆ ಅವಳೇ ನಕ್ಕಳು. ಯಾವ ಕ್ಷಣಕ್ಕಾಗಿ ಕಥೆ ಹುಟ್ಟಿತೋ ಅದಕ್ಕೆ ತೊಂಬತ್ತು ಪದ, ಎತ್ತಿನ ಮೇವಿಗೆ ಅದಕ್ಕಿಂತ ಹೆಚ್ಚು.

ಪ್ರಯಾಣದ ಭಾಗದಲ್ಲಿ ಬೆಣ್ಣೆ ದೋಸೆ ಇತ್ತು ಎಂದು ಬೇರೆ ಹೇಳಬೇಕಾಗಿಲ್ಲ. ದಾವಣಗೆರೆಯ ಕಥೆಯೆಂದರೆ ಬೆಣ್ಣೆ ದೋಸೆ, ಚಿತ್ರದುರ್ಗದ ಕಥೆಯೆಂದರೆ ಕೋಟೆ. ಕರಡುಗಳಲ್ಲಿ ಇವೆರಡೂ ಸುಂಕದ ಕಟ್ಟೆಯಂತೆ ನಿಂತಿರುತ್ತವೆ, ದಾಟದೆ ಯಾವ ಪಾತ್ರವೂ ಊರೊಳಗೆ ಬರುವಂತಿಲ್ಲ. ಕಾವಲಿಯ ಮೇಲೆ ಬೆಣ್ಣೆ ಕರಗುವುದು, ಚಟ್ನಿಯ ಬಿಳುಪು, ಆಲೂಗಡ್ಡೆ ಪಲ್ಯ, ಎಲ್ಲ ಸೇರಿ ಎರಡು ಪ್ಯಾರಾ. ಅದು ಚೆನ್ನಾಗಿಯೂ ಇತ್ತು. ಆದರೆ ಆ ಹೊತ್ತಿನಲ್ಲಿ ಓದುಗನಿಗೆ ಯಾವ ಆತಂಕವೂ ಹುಟ್ಟಿಲ್ಲ, ಹಾಗಾಗಿ ಅವನು ಅದನ್ನು ತಿನ್ನುತ್ತಾನೆಯೇ ಹೊರತು ಓದುವುದಿಲ್ಲ.

ಕಥೆ ನಿಂತ ಜಾಗವನ್ನು ಹಿಡಿಯಲು ಇನ್ನೊಂದು ಸುಲಭದ ದಾರಿಯಿದೆ. ಮೊಬೈಲಿನಲ್ಲಿಯೋ ಕಂಪ್ಯೂಟರಿನಲ್ಲಿಯೋ ಕರಡನ್ನು ತೆರೆದು ‘ತ್ತಿದ್ದ’ ಎಂದು ಹುಡುಕಬೇಕು. ಅಪ್ಪ ದಿನವೂ ನಾಲ್ಕಕ್ಕೆ ಏಳುತ್ತಿದ್ದ, ಅವ್ವ ರೊಟ್ಟಿ ಬಡಿಯುತ್ತಿದ್ದಳು, ಊರಿನವರು ಮಳೆಗಾಗಿ ಕಾಯುತ್ತಿದ್ದರು. ಇದು ರೂಢಿಯನ್ನು ಹೇಳುವ ಕಾಲ. ದಿನವೂ ನಡೆಯುವುದನ್ನು ಹೇಳುತ್ತದೆ, ಆ ದಿನ ನಡೆದದ್ದನ್ನು ಹೇಳುವುದಿಲ್ಲ. ಎಲ್ಲಿಯವರೆಗೆ ‘ಎದ್ದ’, ‘ಹೇರಿದ’, ‘ಹೊರಟ’ ಎಂಬ ಒಂದು ಸಲದ ಕ್ರಿಯೆ ಬರುವುದಿಲ್ಲವೋ ಅಲ್ಲಿಯವರೆಗೆ ಕಥೆ ಇನ್ನೂ ಶುರುವಾಗಿಲ್ಲ. ಈ ಕರಡಿನಲ್ಲಿ ಎರಡನೆಯ ಪುಟದ ನಡುವಿನವರೆಗೂ ಅಂಥ ಕ್ರಿಯೆ ಇರಲಿಲ್ಲ. ದೃಶ್ಯದ ಮಧ್ಯೆ ‘ಹಮಾಲರು ಚೀಲ ಇಳಿಸುತ್ತಿದ್ದರು’ ಎಂದು ಬರುವ ‘ತ್ತಿದ್ದ’ ಬೇರೆ, ಅದು ಆ ಕ್ಷಣದಲ್ಲಿ ನಡೆಯುತ್ತಿರುವುದು, ಅದರ ಗೊಡವೆಗೆ ಹೋಗಬೇಕಾಗಿಲ್ಲ. ಮುಂದೆ ‘ದಿನವೂ’ ಎಂದು ಸೇರಿಸಿ ಓದಿದಾಗ ಅರ್ಥ ಕೆಡದೆ ನಿಂತರೆ ಅದು ರೂಢಿ, ಕೆಟ್ಟರೆ ದೃಶ್ಯ.

ಗೀತಾಳ ಕಣ್ಣನ್ನು ಆರಿಸಿಕೊಂಡದ್ದರಿಂದ ಇಲ್ಲಿ ಒಂದು ಲಾಭವಾಯಿತು. 750 ಪದಗಳ ಹಿನ್ನೆಲೆಯಲ್ಲಿ ಬಹುಪಾಲು ಬಸಪ್ಪನ ನೆನಪುಗಳಾಗಿದ್ದವು: ಅವನ ಅಪ್ಪನ ಕಾಲ, ಅಣ್ಣತಮ್ಮಂದಿರ ಪಾಲು. ಅವು ತಾವಾಗಿಯೇ ಬಿದ್ದುಹೋದವು. ಕತ್ತರಿಯನ್ನು ಕೈಗೆತ್ತಿಕೊಳ್ಳುವ ಮೊದಲೇ ಅರ್ಧ ಕೆಲಸ ಮುಗಿದಿತ್ತು. ಈಗ ಕಥೆ ಮಾರುಕಟ್ಟೆಯ ಗೇಟಿನಲ್ಲಿ, ಟ್ರ್ಯಾಕ್ಟರುಗಳ ಸಾಲಿನಲ್ಲಿ ಶುರುವಾಗುತ್ತದೆ.

ಇನ್ನು ಆ ತೊಂಬತ್ತು ಪದಗಳು. ಅದರ ತಿರುಳೆಲ್ಲ ಒಂದೇ ವಾಕ್ಯದಲ್ಲಿತ್ತು: “ಸಾಹುಕಾರರು ಲೆಕ್ಕ ಹಾಕಿ, ಹಳೆಯ ಬಾಕಿ ಮುರಿದುಕೊಂಡು, ಉಳಿದ ಹಣವನ್ನು ಎಣಿಸಿ, ಬಸಪ್ಪನ ಕೈಗೆ ಕೊಟ್ಟು ಕಳುಹಿಸಿದರು.” ಹಾಕಿ, ಮುರಿದುಕೊಂಡು, ಎಣಿಸಿ, ಕೊಟ್ಟು. ಕನ್ನಡದಲ್ಲಿ ಹೀಗೆ ಕ್ರಿಯೆಗಳನ್ನು ಪೋಣಿಸುತ್ತ ಹೋದರೆ ಎಲ್ಲವೂ ಕೊನೆಯ ಕ್ರಿಯಾಪದದ ಕಡೆಗೆ ಓಡುತ್ತವೆ, ಯಾವುದರ ಮೇಲೂ ಕಾಲು ನಿಲ್ಲುವುದಿಲ್ಲ. ವೇಗ ಬೇಕಾದಾಗ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ: ಎದ್ದು, ಮುಖ ತೊಳೆದು, ಬಾಗಿಲು ಹಾಕಿಕೊಂಡು ಹೊರಟ ಎಂದರೆ ಅರ್ಧ ಗಂಟೆ ಒಂದು ಸಾಲಿನಲ್ಲಿ ಕಳೆಯಿತು. ಆದರೆ ಕಥೆಯ ಗುಂಡಿಗೆಯನ್ನೇ ‘ಮುರಿದುಕೊಂಡು’ ಎಂದು ಪೋಣಿಸಿಬಿಟ್ಟರೆ ಓದುಗ ಅದರ ಮೇಲೆ ಹಾರಿಹೋಗುತ್ತಾನೆ. ನಿಧಾನಿಸಬೇಕಾದ ಕಡೆ ಸರವನ್ನು ಬಿಚ್ಚಿ, ಒಂದೊಂದು ಕ್ರಿಯೆಗೂ ಅದರದೇ ಪೂರ್ಣವಿರಾಮ ಕೊಡಬೇಕು. ಅವಳು ಮತ್ತೆ ಬರೆದದ್ದು ಹೀಗೆ:

“ಸಾಹುಕಾರರು ಕ್ಯಾಲ್ಕುಲೇಟರನ್ನು ಪಕ್ಕಕ್ಕಿಟ್ಟರು. ಹಿಂದಿನ ಕಪಾಟಿನಿಂದ ಬೇರೊಂದು ಪುಸ್ತಕ ತೆಗೆದರು. ಹಾಳೆಗಳ ನಡುವೆ ರಟ್ಟಿನ ತುಂಡೊಂದನ್ನು ಸಿಕ್ಕಿಸಿತ್ತು, ಹುಡುಕಬೇಕಾಗಲಿಲ್ಲ. ಅಪ್ಪ ಗೋಡೆಯ ಕ್ಯಾಲೆಂಡರ್ ನೋಡತೊಡಗಿದ.”

ಎಲ್ಲವೂ ಗೀತಾಳಿಗೆ ಕಾಣುವಂಥವೇ. ಅಪ್ಪನ ಮಾನ ಹೋಯಿತು ಎಂದು ಯಾರೂ ಹೇಳಲಿಲ್ಲ, ಕ್ಯಾಲೆಂಡರ್ ಇದೆ. ಇದರ ಅಪಾಯವನ್ನೂ ಗಮನಿಸಬೇಕು. ಬಿಚ್ಚುವ ಹುಮ್ಮಸ್ಸಿನಲ್ಲಿ ಅವಳು ತೂಕದ ಭಾಗವನ್ನೂ ಹೀಗೆಯೇ ಬಿಡಿಬಿಡಿಯಾಗಿ ಬರೆದಿದ್ದಳು. ಚೀಲ ಇಳಿಯಿತು, ಕಾಟಾ ಅಲುಗಿತು, ಮುಳ್ಳು ನಿಂತಿತು ಎಂದು ಎರಡು ಪುಟ. ಎಲ್ಲ ಕಡೆಯೂ ನಿಧಾನವಾದರೆ ಯಾವ ಕಡೆಯೂ ನಿಧಾನವಾಗಿ ಕೇಳುವುದಿಲ್ಲ. ತೂಕವನ್ನು ಮತ್ತೆ ಪೋಣಿಸಿ 200 ಪದಕ್ಕೆ ಇಳಿಸಿದೆವು.

ಸಂಭಾಷಣೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಕರಡಿನ ಬಸ್ ನಿಲ್ದಾಣದ ಮಾತುಕತೆ:

“ಅಪ್ಪಾ, ನೀನು ಹೋದ ವರ್ಷ ನನ್ನ ಕಾಲೇಜಿನ ಫೀಸಿಗಾಗಿ ಸಾಹುಕಾರರ ಹತ್ತಿರ ನಲವತ್ತು ಸಾವಿರ ರೂಪಾಯಿ ಸಾಲ ಮಾಡಿದ್ದೆಯಾ?”

“ಹೌದು ಮಗಳೇ. ನಿನ್ನ ಓದಿಗಾಗಿ ನಾನು ಎಂಥ ಕಷ್ಟವನ್ನಾದರೂ ಸಹಿಸುತ್ತೇನೆ.”

“ನನಗೆ ಯಾಕೆ ಹೇಳಲಿಲ್ಲ?”

“ನಿನಗೆ ಬೇಸರವಾಗಬಾರದೆಂದು ಹೇಳಲಿಲ್ಲ.”

ಮೊದಲನೆಯದಾಗಿ, ಜಗಳೂರಿನ ಕಡೆ ಯಾವ ಅಪ್ಪನೂ ‘ಮಗಳೇ’ ಎಂದು ಕರೆಯುವುದಿಲ್ಲ. ಅದು ಟಿವಿ ಧಾರಾವಾಹಿಯಿಂದ ಬಂದದ್ದು. ಹೆಸರು ಹಿಡಿದು ಕರೆಯುತ್ತಾನೆ, ಇಲ್ಲವೇ ‘ಅವ್ವ’ ಎನ್ನುತ್ತಾನೆ. ಅವಳು ಇದನ್ನು ಕೇಳಿದ್ದೇ ತಡ, ಇಡೀ ಸಂಭಾಷಣೆಯನ್ನು ಆಡುಮಾತಿಗೆ ತಿರುಗಿಸಿಕೊಂಡು ಬಂದಳು. ಕಿವಿಗೆ ಹಿತವಾಯಿತು, ಆದರೆ ಸಪ್ಪೆ ಹಾಗೆಯೇ ಉಳಿಯಿತು. ಸಪ್ಪೆತನ ಇದ್ದುದು ಭಾಷೆಯ ರೂಪದಲ್ಲಿ ಅಲ್ಲವೇ ಅಲ್ಲ, ಕೇಳಿದ ಪ್ರತಿ ಪ್ರಶ್ನೆಗೂ ಪೂರ್ತಿ ಉತ್ತರ ಸಿಗುತ್ತಿರುವುದರಲ್ಲಿ. ವರ್ಷವಿಡೀ ಬಚ್ಚಿಟ್ಟ ಮನುಷ್ಯ ಮೊದಲ ಪ್ರಶ್ನೆಗೇ ‘ಹೌದು’ ಎನ್ನುವುದಾದರೆ ಬಚ್ಚಿಟ್ಟದ್ದೇಕೆ? ಗೀತಾಳ ಮೊದಲ ಮಾತಂತೂ ಓದುಗನಿಗಾಗಿ ಬರೆದ ವರದಿ. ಮೊತ್ತ, ವರ್ಷ, ಕಾರಣ, ಸಾಲ ಕೊಟ್ಟವರು, ಎಲ್ಲ ಒಂದೇ ಉಸಿರಿನಲ್ಲಿದೆ. ಅಪ್ಪನಿಗೆ ಅದೆಲ್ಲ ಗೊತ್ತು, ಅವನಿಗೆ ಅದನ್ನು ಹೇಳುವ ಅಗತ್ಯವಿಲ್ಲ. ದೃಷ್ಟಿಕೋನ ಕೆಟ್ಟದ್ದರ ಫಲವೇ ಇದು: ಸಾಲದ ವಿಷಯವನ್ನು ಅಂಗಡಿಯ ದೃಶ್ಯದಲ್ಲಿ ಗೀತಾಳ ಕಣ್ಣಿಗೆ ಬೀಳಿಸದೆ ಬಿಟ್ಟದ್ದರಿಂದ ಮಾತಿನಲ್ಲಿ ಹೊರಿಸಬೇಕಾಯಿತು.

ನಾನು ಮಾಡಿಸಿದ ಪರೀಕ್ಷೆ: ಪ್ರತಿ ಮಾತಿನ ಎದುರು, ಈ ಕ್ಷಣ ಇವನಿಗೆ ಏನು ಬೇಕು ಎಂದು ಬರೆಯುವುದು. ಗೀತಾಳಿಗೆ ಚೀಟಿಯ ಕೆಳಗಿನ ಸಾಲು ಏನೆಂದು ಅಪ್ಪನ ಬಾಯಿಂದ ಕೇಳಬೇಕು. ಅಪ್ಪನಿಗೆ ಆ ಮಾತು ಬರದಂತೆ ಬಸ್ ಬರುವವರೆಗೆ ಹೊತ್ತು ತಳ್ಳಬೇಕು. ಇಷ್ಟು ಬರೆದ ಮೇಲೆ ಮಾತುಗಳು ಬೇರೆಯಾಗಿಯೇ ಬಂದವು:

“ಎಷ್ಟು ಹಿಡಿದುಕೊಂಡರು?”

“ಹಮಾಲಿ, ತೂಕ, ಅದೂ ಇದೂ.”

“ಅದಲ್ಲಪ್ಪಾ. ಕೆಳಗಿನ ಸಾಲು.”

“ಹಸಿವಾಗಲಿಲ್ಲವೇನವ್ವ ನಿನಗೆ? ಬಾ, ದೋಸೆ ತಿನ್ನೋಣ.”

ಮೊದಲಿನ ಭಾಗದಿಂದ ಕಿತ್ತು ಹಾಕಿದ್ದ ದೋಸೆ ಇಲ್ಲಿ ವಾಪಸು ಬಂತು, ಎರಡೇ ಸಾಲಿನಲ್ಲಿ. ಈಗ ಬೆಣ್ಣೆ ಕರಗುವುದನ್ನು ಓದುಗ ಓದುತ್ತಾನೆ, ಏಕೆಂದರೆ ಅಪ್ಪನ ಜೇಬಿನಲ್ಲಿ ಏನು ಉಳಿದಿದೆ ಎಂಬ ಲೆಕ್ಕ ಅವನ ತಲೆಯಲ್ಲಿ ಓಡುತ್ತಿರುತ್ತದೆ. ‘ಎಂದು ದುಃಖದಿಂದ ಹೇಳಿದನು’, ‘ಎಂದು ಆಶ್ಚರ್ಯದಿಂದ ಕೇಳಿದಳು’ ಎಂಬ ಬಾಲಗಳನ್ನೆಲ್ಲ ತೆಗೆಸಿದೆ. ಯಾರು ಮಾತನಾಡುತ್ತಿದ್ದಾರೆ ಎಂಬುದು ‘ಅಪ್ಪಾ’, ‘ಅವ್ವ’ ಎಂಬ ಕರೆಗಳಿಂದಲೇ ತಿಳಿಯುತ್ತದೆ.

ಅವಳು ಸುಲಭವಾಗಿ ಬಿಟ್ಟುಕೊಡದೆ ಹೋದದ್ದು ಸಾಹುಕಾರರ ‘ಪಾಪ ಎನಿಸಿತು’ ಎಂಬ ಸಾಲನ್ನು. ಅವರನ್ನು ಕಥೆಯ ಖಳನಾಗಿಸುವುದು ಅವಳಿಗೆ ಬೇಕಿರಲಿಲ್ಲ, ಅದು ಸರಿಯಾದ ಆಸೆಯೇ. ಆದರೆ ಅವರ ಮನಸ್ಸಿಗೆ ಈಗ ಬಾಗಿಲಿಲ್ಲ. ಆ ಮರುಕವನ್ನು ಗೀತಾಳಿಗೆ ಕಾಣುವ ಕ್ರಿಯೆಯಾಗಿ ಹೊರಗೆ ತರಬೇಕಿತ್ತು. ಕೊನೆಗೆ ಅವಳು ಬರೆದದ್ದು: ಸಾಹುಕಾರರು ಬಾಕಿಯ ಮೇಲಿನ ಬಡ್ಡಿಯ ಅಂಕಿಯನ್ನು ಪೆನ್ನಿನಿಂದ ಹೊಡೆದು ಹಾಕುತ್ತಾರೆ, ಪುಸ್ತಕ ಮುಚ್ಚುತ್ತಾರೆ, ಏನೂ ಹೇಳುವುದಿಲ್ಲ. ಗೀತಾ ಅದನ್ನು ತಪ್ಪಾಗಿ ತಿಳಿಯುತ್ತಾಳೆ, ಲೆಕ್ಕದಲ್ಲಿ ಏನೋ ತಿದ್ದಿ ಅಪ್ಪನಿಗೆ ಮೋಸ ಮಾಡಿದರೆಂದು. ಓದುಗನಿಗೆ ಮಾತ್ರ ನಿಜ ತಿಳಿಯುತ್ತದೆ. ಮೊದಲ ಕರಡಿನಲ್ಲಿ ಮೂರು ತಲೆಗಳೊಳಗೆ ಹೊಕ್ಕರೂ ಸಿಗದಿದ್ದ ಮರುಕ ಒಂದೇ ತಲೆಯೊಳಗೆ ಕುಳಿತಾಗ ಸಿಕ್ಕಿತು.

ಕಥೆ ಈಗ 1,500 ಪದಗಳ ಆಸುಪಾಸಿನಲ್ಲಿದೆ. ಬಸ್ಸಿನ ಪ್ರಯಾಣದ 410 ಪದಗಳಲ್ಲಿ ಗೀತಾ ಅಳುವುದು, ಓದನ್ನು ಬಿಡುತ್ತೇನೆ ಎನ್ನುವುದು, ಅಪ್ಪ ಸಮಾಧಾನ ಮಾಡುವುದು ಎಲ್ಲ ಇತ್ತು. ಅದಷ್ಟನ್ನೂ ತೆಗೆದು ದೋಸೆ ಹೋಟೆಲಿನಲ್ಲೇ ಮುಗಿಸು ಎಂಬುದು ನನ್ನ ಸಲಹೆ. ಬಸ್ಸಿನಲ್ಲಿ ಅಪ್ಪ ಚೀಟಿಯನ್ನು ನಾಲ್ಕಾಗಿ ಮಡಚಿ ಟಿಕೆಟಿನ ಜೊತೆ ಜೇಬಿಗೆ ಸೇರಿಸುವ ಒಂದು ವಾಕ್ಯವನ್ನಾದರೂ ಉಳಿಸಿಕೊಳ್ಳುತ್ತೇನೆ ಎಂಬುದು ಅವಳ ಹಟ. ಆ ವಾಕ್ಯಕ್ಕಾಗಿ ಇಡೀ ಬಸ್ಸನ್ನು ಕರೆಸಬೇಕಾಗುತ್ತದಲ್ಲ ಎಂದೆ. ಮುಂದಿನ ವಾರ ಎರಡೂ ರೂಪಗಳನ್ನು ಅಚ್ಚು ಹಾಕಿಸಿಕೊಂಡು ಬರುತ್ತಾಳಂತೆ.